ಗುಬ್ಬಿಯ ಕಾರ್ಖಾನೆ, ಮಾರ್ಚ್ ತಿಂಗಳ ಲೆಕ್ಕ

2025ರ ಆಗಸ್ಟ್‌ನಲ್ಲಿ ಕುಣಿಗಲ್‌ನಿಂದ ನನ್ನ ಸೋದರಮಾವ ಫೋನ್ ಮಾಡಿದರು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ತಂಗಿಯನ್ನು ಕೊಟ್ಟ ಊರು ಗುಬ್ಬಿಗೆ ಹೆಲಿಕಾಪ್ಟರ್ ಕಾರ್ಖಾನೆ ಬಂತೆಂಬ ಅಭಿಮಾನಕ್ಕೆ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್‌ನ ಒಂದಿಷ್ಟು ಷೇರು ಕೊಂಡು ಇಟ್ಟುಕೊಂಡಿದ್ದಾರೆ.

"ಏನೋ, ಎಚ್‌ಎಎಲ್ ಲಾಭ ಮೂರರಲ್ಲಿ ಒಂದು ಪಾಲಿಗೆ ಇಳಿದುಬಿಟ್ಟಿದೆಯಲ್ಲೋ! ಮಾರ್ಚ್‌ಗೆ 3,977 ಕೋಟಿ ಇತ್ತು, ಈಗ 1,384 ಕೋಟಿ. ಗುಬ್ಬಿ ಫ್ಯಾಕ್ಟರಿ ಕಥೆ ಏನಾಗುತ್ತೆ?"

"ಮಾವ, ಷೇರಿಗೆ ಕೈ ಹಾಕಬೇಡಿ. ಭಾನುವಾರ ಬರ್ತೀನಿ, ಆ ಫಲಿತಾಂಶದ ಹಾಳೆ ತೆಗೆದಿಟ್ಟಿರಿ" ಅಂದೆ.

ಮಾವ ಓದಿದ ಅಂಕಿಗಳಲ್ಲಿ ತಪ್ಪಿರಲಿಲ್ಲ. ಎರಡೂ ಕಂಪನಿಯೇ ಪ್ರಕಟಿಸಿದ ಅಂಕಿಗಳು. ತಪ್ಪಿದ್ದದ್ದು ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದ್ದರಲ್ಲಿ. ತುಮಕೂರಿನ ಮಂಡಿಪೇಟೆಯ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡುವ ಕೆಲಸದಲ್ಲಿ ಈ ತಪ್ಪನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸ್ವಂತ ಅಂಗಡಿಯ ವಿಷಯದಲ್ಲಿ ದೀಪಾವಳಿ ವ್ಯಾಪಾರಕ್ಕೂ ಆಷಾಢದ ವ್ಯಾಪಾರಕ್ಕೂ ಹೋಲಿಕೆ ಮಾಡದ ಜಾಣರು, ಷೇರು ಕೊಂಡ ಕಂಪನಿಯ ವಿಷಯದಲ್ಲಿ ಅದನ್ನೇ ಮಾಡುತ್ತಾರೆ.

ಮೊದಲು ತಿಂಗಳುಗಳ ವಿಷಯ ಹೇಳುತ್ತೇನೆ, ಏಕೆಂದರೆ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ನಮ್ಮ ದೇಶದ ಸರ್ಕಾರಿ ಲೆಕ್ಕ 1867ರಿಂದಲೂ ಏಪ್ರಿಲ್‌ಗೆ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತಿದೆ. ಕಂಪನಿಗಳಿಗೆ ಹಿಂದೆ ಬೇರೆ ಬೇರೆ ವರ್ಷ ಇಟ್ಟುಕೊಳ್ಳುವ ಅವಕಾಶವಿತ್ತು. 2013ರ ಕಂಪನಿ ಕಾಯ್ದೆ ಕೆಲವು ವಿನಾಯಿತಿ ಬಿಟ್ಟು ಎಲ್ಲರಿಗೂ ಮಾರ್ಚ್ 31ನ್ನೇ ವರ್ಷದ ಕೊನೆ ಮಾಡಿತು. ಹೀಗಾಗಿ ಏಪ್ರಿಲ್‌ನಿಂದ ಜೂನ್ ಮೊದಲ ತ್ರೈಮಾಸಿಕ, ಜುಲೈನಿಂದ ಸೆಪ್ಟೆಂಬರ್ ಎರಡನೆಯದು, ಅಕ್ಟೋಬರ್‌ನಿಂದ ಡಿಸೆಂಬರ್ ಮೂರನೆಯದು, ಜನವರಿಯಿಂದ ಮಾರ್ಚ್ ನಾಲ್ಕನೆಯದು. ವರ್ಷಕ್ಕೆ ಹೆಸರು ಬರುವುದು ಅದು ಮುಗಿಯುವ ಇಸವಿಯಿಂದ. ಮೊಬೈಲ್ ಪರದೆಯಲ್ಲಿ Q1 FY26 ಎಂದು ಕಂಡರೆ ಅದು 2026ರ ಆರಂಭದ ತಿಂಗಳುಗಳಲ್ಲ, 2025ರ ಏಪ್ರಿಲ್‌ನಿಂದ ಜೂನ್. 2026ರ ಜನವರಿಯಿಂದ ಮಾರ್ಚ್ ಬೇಕಿದ್ದರೆ Q4 FY26 ನೋಡಬೇಕು.

ಹೊರದೇಶದ ಕಂಪನಿಯೊಂದಿಗೆ ನಂಟಿರುವಾಗ ಇದು ಇನ್ನಷ್ಟು ತೊಡಕಾಗುತ್ತದೆ. ತೇಜಸ್ ಮಾರ್ಕ್ 1ಎ ಯುದ್ಧವಿಮಾನಕ್ಕೆ ಎಂಜಿನ್ ಕೊಡುವುದು ಅಮೆರಿಕದ ಜಿಇ. ಬಹಳ ತಡವಾಗಿ, 2025ರ ಮಾರ್ಚ್ ಕೊನೆಯ ವಾರದಲ್ಲಿ, ಆ ಸರಣಿಯ ಮೊದಲ ಎಂಜಿನ್ ಎಚ್‌ಎಎಲ್‌ಗೆ ಬಂತು. ಜಿಇ ಜನವರಿಯಿಂದ ಡಿಸೆಂಬರ್‌ವರೆಗೆ ಲೆಕ್ಕ ಇಡುವ ಕಂಪನಿ. ಒಂದೇ ಎಂಜಿನ್ ಕೊಟ್ಟವರ ಪುಸ್ತಕದಲ್ಲಿ 2025ರ ಮೊದಲ ತ್ರೈಮಾಸಿಕದ ಕೆಲಸ, ಪಡೆದವರ ಪುಸ್ತಕದಲ್ಲಿ 2024-25ರ ಕೊನೆಯ ತ್ರೈಮಾಸಿಕದ ಸರಕು. "ಮೊದಲ ತ್ರೈಮಾಸಿಕದಲ್ಲಿ ಎಂಜಿನ್ ಬಂತು" ಎಂಬ ವಾಕ್ಯ ಓದಿದರೆ ಯಾರ ಮೊದಲ ತ್ರೈಮಾಸಿಕ ಎಂದು ಕೇಳಿಕೊಳ್ಳಬೇಕು. ತ್ರೈಮಾಸಿಕದ ಸಂಖ್ಯೆಗಿಂತ ತಿಂಗಳ ಹೆಸರನ್ನು ಬರೆದಿಟ್ಟುಕೊಳ್ಳುವುದೇ ಕ್ಷೇಮ.

ಭಾನುವಾರ ಕುಣಿಗಲ್‌ಗೆ ಹೋದಾಗ ಮಾವ ಹಾಳೆಯನ್ನು ಜಗುಲಿಯ ಮೇಲೆ ಹರಡಿಕೊಂಡೇ ಕೂತಿದ್ದರು. ಷೇರುಪೇಟೆಯಲ್ಲಿ ನೋಂದಾಯಿತವಾದ ಯಾವ ಕಂಪನಿಯ ಜೂನ್ ತ್ರೈಮಾಸಿಕದ ಹಾಳೆ ತೆಗೆದರೂ ನಾಲ್ಕು ಕಾಲಂ ಇರುತ್ತವೆ. ಮೊದಲನೆಯದು ಈಗ ಮುಗಿದ ಮೂರು ತಿಂಗಳು, 2025ರ ಜೂನ್ 30ಕ್ಕೆ. ಎರಡನೆಯದು ಅದರ ಹಿಂದಿನ ಮೂರು ತಿಂಗಳು, 2025ರ ಮಾರ್ಚ್ 31ಕ್ಕೆ. ಮೂರನೆಯದು ಹೋದ ವರ್ಷದ ಇದೇ ಮೂರು ತಿಂಗಳು, 2024ರ ಜೂನ್ 30ಕ್ಕೆ. ನಾಲ್ಕನೆಯದು ಹೋದ ಇಡೀ ವರ್ಷ. ಕಣ್ಣು ಸಹಜವಾಗಿ ಮೊದಲ ಕಾಲಂನಿಂದ ಪಕ್ಕದ ಎರಡನೆಯದಕ್ಕೆ ಜಾರುತ್ತದೆ. ಮಾವನಿಗೆ ಆಗಿದ್ದೂ ಅದೇ. ಬೆರಳಿಟ್ಟು ಮೂರನೆಯ ಕಾಲಂ ತೋರಿಸಿದೆ. ಅಲ್ಲಿದ್ದ ನಿವ್ವಳ ಲಾಭ 1,437 ಕೋಟಿ ರೂಪಾಯಿ. ಈ ವರ್ಷ 1,384 ಕೋಟಿ. ಮೂರರಲ್ಲಿ ಎರಡು ಪಾಲು ಕರಗಿತು ಎಂದು ಅವರು ತಿಳಿದಿದ್ದ ಲಾಭ, ತನ್ನ ಸರಿಯಾದ ಜೋಡಿಯ ಪಕ್ಕದಲ್ಲಿ ನೂರಕ್ಕೆ ನಾಲ್ಕರಷ್ಟು ಮಾತ್ರ ಕಡಿಮೆ. ಮಾರಾಟದ ವರಮಾನ ನೋಡಿದರೆ 4,348 ಕೋಟಿಯಿಂದ 4,819 ಕೋಟಿಗೆ ಏರಿತ್ತು.

"ಹಾಗಾದರೆ ಮಾರ್ಚ್‌ನಲ್ಲಿ ಅಷ್ಟೊಂದು ಯಾಕೆ ಬಂತಪ್ಪ?" ಎಂದು ಮಾವ ಕೇಳಿದರು. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿಲ್ಲದೆ ಕಾಲಂ ಹೋಲಿಸುವುದನ್ನು ಬಾಯಿಪಾಠ ಮಾಡಿಕೊಂಡರೆ ಬೇರೆ ಕಂಪನಿಯಲ್ಲಿ ಮತ್ತೆ ಎಡವುತ್ತೇವೆ.

2024-25ರಲ್ಲಿ ಎಚ್‌ಎಎಲ್‌ನ ವರಮಾನ ಬಂದ ಬಗೆ ಹೀಗಿದೆ. ಜೂನ್ ತ್ರೈಮಾಸಿಕದಲ್ಲಿ 4,348 ಕೋಟಿ, ಸೆಪ್ಟೆಂಬರ್‌ನದರಲ್ಲಿ 5,976 ಕೋಟಿ, ಡಿಸೆಂಬರ್‌ನದರಲ್ಲಿ 6,957 ಕೋಟಿ, ಮಾರ್ಚ್‌ನದರಲ್ಲಿ 13,700 ಕೋಟಿ. ಒಟ್ಟು 30,981 ಕೋಟಿಯಲ್ಲಿ ನೂರಕ್ಕೆ 44 ಪಾಲು ಕೊನೆಯ ಮೂರೇ ತಿಂಗಳಲ್ಲಿ ಬಂದಿದೆ. ಅದರ ಹಿಂದಿನ ವರ್ಷ ನೂರಕ್ಕೆ 49ರ ಹತ್ತಿರ. ಜೂನ್ ತ್ರೈಮಾಸಿಕವನ್ನು ನಾಲ್ಕರಿಂದ ಗುಣಿಸಿ ವರ್ಷದ ಅಂದಾಜು ಮಾಡುವವನು ಸುಮಾರು 17,400 ಕೋಟಿ ಎನ್ನುತ್ತಾನೆ. ಮಾರ್ಚ್‌ನದನ್ನು ಗುಣಿಸುವವನು ಸುಮಾರು 54,800 ಕೋಟಿ ಎನ್ನುತ್ತಾನೆ. ಇಬ್ಬರೂ ಒಂದೇ ಕಂಪನಿಯ ಒಂದೇ ವರ್ಷದ ಬಗ್ಗೆ ಮಾತಾಡುತ್ತಿದ್ದಾರೆ, ಇಬ್ಬರೂ ನಿಜದಿಂದ ಬಹಳ ದೂರ ಇದ್ದಾರೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತಾಲ್ಲೂಕು ಕಚೇರಿಗೆ ಬಿಲ್ ಹಾಕಿದ ಯಾವ ಗುತ್ತಿಗೆದಾರನನ್ನು ಕೇಳಿದರೂ "ಮಾರ್ಚ್ ಎಂಡಿಂಗ್" ಎಂದರೆ ಏನು ಎಂದು ಹೇಳುತ್ತಾನೆ. ಸರ್ಕಾರದ ಇಲಾಖೆಗೆ ಮಂಜೂರಾದ ಹಣ ಮಾರ್ಚ್ 31 ದಾಟಿದರೆ ಹಿಂದಕ್ಕೆ ಹೋಗುತ್ತದೆ. ಎಚ್‌ಎಎಲ್‌ನ ಮುಖ್ಯ ಗಿರಾಕಿ ವಾಯುಪಡೆ, ಭೂಸೇನೆ, ನೌಕಾಪಡೆ, ಕರಾವಳಿ ಕಾವಲು ಪಡೆ. ಇವರೆಲ್ಲರ ಲೆಕ್ಕವೂ ಅದೇ ದಿನ ಮುಗಿಯುತ್ತದೆ. ಹೊಸ ಹೆಲಿಕಾಪ್ಟರ್ ಇರಲಿ, ದುರಸ್ತಿಗೆ ಬಂದ ಎಂಜಿನ್ ಇರಲಿ, ತಿಂಗಳುಗಟ್ಟಲೆ ಕೆಲಸ ನಡೆಯುತ್ತದೆ. ಕೆಲಸಗಾರರ ಸಂಬಳ ತಿಂಗಳು ತಿಂಗಳೂ ಖರ್ಚಿನ ಬದಿಯಲ್ಲಿ ಬೀಳುತ್ತಲೇ ಇರುತ್ತದೆ. ಆದರೆ ಮಾಡಿದ ಕೆಲಸದ ದೊಡ್ಡ ಭಾಗ ವರಮಾನವಾಗಿ ಪುಸ್ತಕಕ್ಕೆ ಏರುವುದು ಗಿರಾಕಿಯ ಕಡೆಯ ತಪಾಸಣೆ ಮುಗಿದು, ಒಪ್ಪಿಕೊಂಡೆವು ಎಂಬ ಸಹಿ ಬಿದ್ದ ಮೇಲೆ. ವರ್ಷದ ಗುರಿ ಮುಟ್ಟಿಸಲು ಆ ಸಹಿಗಳೆಲ್ಲ ಫೆಬ್ರವರಿ, ಮಾರ್ಚ್‌ನಲ್ಲಿ ಒಟ್ಟಾಗುತ್ತವೆ.

ಮಾವನಿಗೆ ಖುಷ್ಕಿ ಜಮೀನಿದೆ, ರಾಗಿ ಬೆಳೆಯುತ್ತಾರೆ. ನಾನು ಇಷ್ಟು ಹೇಳುವ ಹೊತ್ತಿಗೆ ಅವರೇ, "ಅಂದರೆ ಮಾರ್ಚ್ ಇವರಿಗೆ ಸುಗ್ಗಿ. ಒಕ್ಕಣೆ ಮುಗಿದ ಮೇಲಿನ ತಿಂಗಳು ಕಣ ಖಾಲಿ ಇದ್ದರೆ ಬೆಳೆ ಹೋಯ್ತು ಅಂತಲ್ಲ" ಎಂದರು. ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಆದರೆ ಈ ಸುಗ್ಗಿಯ ತಿಳಿವಳಿಕೆಯಲ್ಲೇ ಇನ್ನೊಂದು ಅಪಾಯ ಅಡಗಿದೆ. ನನ್ನ ಮಟ್ಟಿಗೆ ಮಾವನ ತಪ್ಪಿಗಿಂತ ಇದೇ ದೊಡ್ಡದು, ಏಕೆಂದರೆ ಇದು ತಿಳಿದವರನ್ನೂ ಬೀಳಿಸುತ್ತದೆ. 2024-25ರ ಮೊದಲ ಮೂರು ತ್ರೈಮಾಸಿಕಗಳನ್ನು ಸರಿಯಾದ ಕ್ರಮದಲ್ಲೇ, ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಹೋಲಿಸಿದರೆ ಜೂನ್‌ನದು ನೂರಕ್ಕೆ 11, ಸೆಪ್ಟೆಂಬರ್‌ನದು 6, ಡಿಸೆಂಬರ್‌ನದು 15ರಷ್ಟು ಏರಿತ್ತು. ಒಂಬತ್ತು ತಿಂಗಳ ಒಟ್ಟು ವರಮಾನ 15,612 ಕೋಟಿಯಿಂದ 17,281 ಕೋಟಿಗೆ ಹೋಗಿತ್ತು. 2025ರ ಫೆಬ್ರವರಿಯಲ್ಲಿ ಇದನ್ನು ನೋಡಿದ ಯಾರೇ ಆದರೂ ಈ ವರ್ಷ ನೂರಕ್ಕೆ ಹತ್ತಾದರೂ ಬೆಳೆಯುತ್ತದೆ ಎಂದೇ ಎಣಿಸುತ್ತಿದ್ದರು.

ವರ್ಷ ಮುಗಿದಾಗ ಬೆಳವಣಿಗೆ ನೂರಕ್ಕೆ ಎರಡು. 30,381 ಕೋಟಿ ಇದ್ದದ್ದು 30,981 ಕೋಟಿ ಆಯಿತು, ಅಷ್ಟೆ. ಮೊದಲ ಒಂಬತ್ತು ತಿಂಗಳು ಕೂಡಿಟ್ಟ ಹೆಚ್ಚುವರಿ 1,669 ಕೋಟಿ. ಮಾರ್ಚ್ ತ್ರೈಮಾಸಿಕ ಮಾತ್ರ 14,769 ಕೋಟಿಯಿಂದ 13,700 ಕೋಟಿಗೆ ಇಳಿದು 1,069 ಕೋಟಿಯನ್ನು ತಿಂದುಹಾಕಿತು. ಉಳಿದದ್ದು 600 ಕೋಟಿ. ಸುಗ್ಗಿಯ ತ್ರೈಮಾಸಿಕ ಇರುವ ಕಂಪನಿಯಲ್ಲಿ ಉಳಿದ ಮೂರು ಎಷ್ಟೇ ಚೆನ್ನಾಗಿ ನಡೆದರೂ ತೀರ್ಪು ಕೊಡುವ ಅಧಿಕಾರ ಅವಕ್ಕಿಲ್ಲ. ಮೂರೂ ಸೇರಿ ನೂರಕ್ಕೆ 11ರಷ್ಟು ಏರಿದ್ದನ್ನು ಕೊನೆಯದೊಂದೇ ನೂರಕ್ಕೆ ಏಳರಷ್ಟು ಇಳಿದು ಬಹುಪಾಲು ಅಳಿಸಿತು.

ಆ ಕೊನೆಯ ತ್ರೈಮಾಸಿಕದ ಅಂಕಿ ಹುಟ್ಟುವ ಬಗೆಯೂ ಬೇರೆ. ಮೊದಲ ಮೂರು ತ್ರೈಮಾಸಿಕಗಳ ಹಾಳೆ ಆಯಾ ತ್ರೈಮಾಸಿಕ ಮುಗಿದ 45 ದಿನದೊಳಗೆ ಹೊರಬರಬೇಕು. ಸಾಮಾನ್ಯವಾಗಿ ಲೆಕ್ಕಪರಿಶೋಧಕರು ಅವನ್ನು ಸೀಮಿತವಾಗಿ ಪರಿಶೀಲಿಸಿರುತ್ತಾರೆ, ಪೂರ್ತಿ ಪರಿಶೋಧನೆ ಆಗಿರುವುದಿಲ್ಲ. ಮಾರ್ಚ್‌ನಲ್ಲಿ ಇಡೀ ವರ್ಷದ ಲೆಕ್ಕವನ್ನು ಪರಿಶೋಧಿಸುತ್ತಾರೆ. ಅದಕ್ಕೆ 60 ದಿನ ಸಮಯ, ಅಂದರೆ ಮೇ 30ರವರೆಗೆ. ನಾಲ್ಕನೆಯ ತ್ರೈಮಾಸಿಕವೆಂದು ಹಾಳೆಯಲ್ಲಿ ಕಾಣುವುದು, ಈ ಪರಿಶೋಧಿತ ವರ್ಷದಿಂದ ಹಿಂದೆ ಪ್ರಕಟಿಸಿದ ಒಂಬತ್ತು ತಿಂಗಳನ್ನು ಕಳೆದಾಗ ಉಳಿಯುವ ಅಂಕಿ. ಹಾಳೆಯ ಕೆಳಗಿನ ಟಿಪ್ಪಣಿಯಲ್ಲಿ ಇದನ್ನು ಹೇಳಿರುತ್ತಾರೆ, ಸಣ್ಣ ಅಕ್ಷರವಾದ್ದರಿಂದ ಯಾರೂ ಓದುವುದಿಲ್ಲ. ಇದರ ಪರಿಣಾಮ ಏನೆಂದರೆ, ಜೂನ್‌ನಲ್ಲಿ ಅಂದಾಜಿಗೆ ಬರೆದ ಒಂದು ಖರ್ಚು ತಪ್ಪಾಗಿತ್ತೆಂದು ಮೇ ತಿಂಗಳಲ್ಲಿ ಗೊತ್ತಾದರೆ ಆ ತಿದ್ದುಪಡಿಯ ಭಾರವೆಲ್ಲ ಮಾರ್ಚ್ ತ್ರೈಮಾಸಿಕದ ಮೇಲೆ ಬೀಳುತ್ತದೆ. ಆ ಮೂರು ತಿಂಗಳಲ್ಲಿ ನಡೆದ ಕೆಲಸದ ಜೊತೆ ಇಡೀ ವರ್ಷದ ತಿದ್ದುಪಡಿಗಳೂ ಅದರೊಳಗೆ ಸೇರಿರುತ್ತವೆ.

ಅದಕ್ಕೂ ಮುಂಚೆ, ಏಪ್ರಿಲ್ ಒಂದನೇ ತಾರೀಖಿನ ಆಸುಪಾಸಿನಲ್ಲೇ ಎಚ್‌ಎಎಲ್ ವರ್ಷದ ವರಮಾನದ ತಾತ್ಕಾಲಿಕ ಅಂಕಿ ಹೇಳುವುದುಂಟು. 2024ರಲ್ಲಿ 29,810 ಕೋಟಿ ಎಂದಿತ್ತು, ಪರಿಶೋಧನೆ ಮುಗಿದಾಗ 30,381 ಕೋಟಿ ಆಯಿತು. 2025ರಲ್ಲಿ ಸುಮಾರು 30,400 ಕೋಟಿ ಎಂದಿತ್ತು, 30,981 ಕೋಟಿ ಆಯಿತು. ಎರಡೂ ಸಲ 600 ಕೋಟಿಗೆ ಹತ್ತಿರದ ವ್ಯತ್ಯಾಸ. ಇಡೀ ವರ್ಷಕ್ಕೆ ಹೋಲಿಸಿದರೆ ಅದು ನೂರಕ್ಕೆ ಎರಡರಷ್ಟೇ. ಆದರೆ 2024-25ರಲ್ಲಿ ವರ್ಷದ ಬೆಳವಣಿಗೆಯೇ 600 ಕೋಟಿ. ಹೊಸ ವರ್ಷದ ತಾತ್ಕಾಲಿಕ ಅಂಕಿಯನ್ನು ಹಳೆಯ ವರ್ಷದ ಪರಿಶೋಧಿತ ಅಂಕಿಯ ಪಕ್ಕ ಇಟ್ಟು "ಕಂಪನಿ ಬೆಳೆಯಲೇ ಇಲ್ಲ" ಎಂದು ಏಪ್ರಿಲ್‌ನಲ್ಲಿ ತೀರ್ಮಾನಿಸಿದವರು ಮೇ ತಿಂಗಳಲ್ಲಿ ಮಾತು ಬದಲಿಸಬೇಕಾಯಿತು.

ಹಾಗಾದರೆ ನಡುವಿನ ತಿಂಗಳುಗಳಲ್ಲಿ ಕಂಪನಿಯ ನಡಿಗೆ ತಿಳಿಯುವುದು ಹೇಗೆ? ನಾನು ಮಾವನ ನೋಟ್‌ಪುಸ್ತಕದಲ್ಲಿ ಬರೆದುಕೊಟ್ಟದ್ದು ಒಂದೇ ಲೆಕ್ಕ. ಯಾವ ತ್ರೈಮಾಸಿಕ ಬಂದರೂ ಅದನ್ನು ಕೂಡಿ, ಹೋದ ವರ್ಷದ ಅದೇ ತ್ರೈಮಾಸಿಕವನ್ನು ಕಳೆಯುವುದು. ಹೀಗೆ ಮಾಡಿದರೆ ಕೈಯಲ್ಲಿ ಯಾವಾಗಲೂ ಪೂರ್ತಿ ಹನ್ನೆರಡು ತಿಂಗಳು ಇರುತ್ತದೆ, ಅದರೊಳಗೆ ಒಂದು ಸುಗ್ಗಿ ಇದ್ದೇ ಇರುತ್ತದೆ.

ಮಾರ್ಚ್ 2025ಕ್ಕೆ ಮುಗಿದ ಹನ್ನೆರಡು ತಿಂಗಳ ವರಮಾನ 30,981 ಕೋಟಿ. ಅದಕ್ಕೆ ಹೊಸ ಜೂನ್‌ನ 4,819 ಕೋಟಿ ಕೂಡಿ, ಹಳೆಯ ಜೂನ್‌ನ 4,348 ಕೋಟಿ ಕಳೆದರೆ 31,452 ಕೋಟಿ. ಮಾವ ಹೆದರಿದ್ದ ಆ ತ್ರೈಮಾಸಿಕದಲ್ಲಿ ಹನ್ನೆರಡು ತಿಂಗಳ ವರಮಾನ ಏರಿತ್ತು. ಲಾಭ ಮಾತ್ರ 8,364 ಕೋಟಿಯಿಂದ 8,311 ಕೋಟಿಗೆ, 53 ಕೋಟಿಯಷ್ಟು ಇಳಿದಿತ್ತು. ನವೆಂಬರ್‌ನಲ್ಲಿ ಸೆಪ್ಟೆಂಬರ್ ತ್ರೈಮಾಸಿಕದ ಹಾಳೆ ಬಂದಾಗ ವರಮಾನ 6,629 ಕೋಟಿ. ಅದೇ ಲೆಕ್ಕವನ್ನು ಮುಂದುವರಿಸಿದರೆ 32,105 ಕೋಟಿ.

ಇಲ್ಲಿಗೆ ನಿಂತರೆ ಒಳ್ಳೆಯ ಸುದ್ದಿ. ಆದರೆ ನೋಟ್‌ಪುಸ್ತಕದ ಅದೇ ಪುಟದಲ್ಲಿ ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ. 2024ರ ಡಿಸೆಂಬರ್‌ಗೆ ಮುಗಿದ ಹನ್ನೆರಡು ತಿಂಗಳಲ್ಲಿ, ಅಂದರೆ ಹಳೆಯ ಮಾರ್ಚ್ ಸುಗ್ಗಿಯೂ ಅದರ ಮುಂದಿನ ಒಂಬತ್ತು ತಿಂಗಳೂ ಸೇರಿ, ವರಮಾನ 32,050 ಕೋಟಿ ಇತ್ತು. ಅಲ್ಲಿಂದ 30,981ಕ್ಕೆ ಬಿದ್ದು, ಮತ್ತೆ ಎದ್ದು 32,105 ಕೋಟಿ ತಲುಪಲು ಮೂರು ತ್ರೈಮಾಸಿಕ ಹಿಡಿದಿದೆ. ಒಂಬತ್ತು ತಿಂಗಳಲ್ಲಿ ಕಂಪನಿ ಹೊರಟಲ್ಲಿಗೇ ಬಂದು ನಿಂತಿತ್ತು. ಲಾಭ ಮೂರರಲ್ಲಿ ಒಂದು ಪಾಲಾಯಿತು ಎಂಬ ಗಾಬರಿಯೂ ಸುಳ್ಳು, ಮೊದಲ ತ್ರೈಮಾಸಿಕ ನೂರಕ್ಕೆ 11 ಬೆಳೆಯಿತು ಎಂಬ ಸಂಭ್ರಮವೂ ಪೂರ್ತಿ ನಿಜವಲ್ಲ.

ಈ ಲೆಕ್ಕಕ್ಕೂ ಮಿತಿಯಿದೆ. ಮಾರ್ಚ್ 30ಕ್ಕೆ ಸಹಿ ಬೀಳಬೇಕಿದ್ದ ಒಂದು ವಿಮಾನ ಏಪ್ರಿಲ್ 3ಕ್ಕೆ ಹೋದರೆ ಅದು ತ್ರೈಮಾಸಿಕವನ್ನಷ್ಟೇ ಅಲ್ಲ, ವರ್ಷವನ್ನೇ ದಾಟಿಬಿಡುತ್ತದೆ. ಹಳೆಯ ಸುಗ್ಗಿ ಬಡವಾಗಿ, ಹೊಸ ಜೂನ್ ಶ್ರೀಮಂತವಾಗಿ ಕಾಣುತ್ತದೆ, ನಡೆದ ಕೆಲಸ ಮಾತ್ರ ಅಷ್ಟೇ. ಮಾರ್ಚ್ ಇಳಿದು ಜೂನ್ ಏರಿದ್ದು ಕಂಡರೆ ಎರಡನ್ನೂ ಸೇರಿಸಿ, ಹಿಂದಿನ ವರ್ಷದ ಮಾರ್ಚ್ ಮತ್ತು ಜೂನ್‌ನ ಮೊತ್ತದ ಎದುರು ಇಡಬೇಕು. ಇಲ್ಲಿ ಹಾಗೆ ಮಾಡಿದರೆ 19,117 ಕೋಟಿ ಇದ್ದದ್ದು 18,519 ಕೋಟಿಗೆ ಇಳಿದಿದೆ. ಸಹಿ ತಡವಾಯಿತೆಂಬ ಕಾರಣವೊಂದೇ ಆ ಮಾರ್ಚ್‌ನ ಕೊರತೆಯನ್ನು ತುಂಬಲಾರದು.

ಇನ್ನು ಮಾವನ ಮೂಲ ಪ್ರಶ್ನೆ, ಗುಬ್ಬಿಯ ಕಾರ್ಖಾನೆಯದು. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2016ರ ಜನವರಿ 3ರಂದು ಅಡಿಗಲ್ಲು ಬಿದ್ದು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಈ ಕಾರ್ಖಾನೆ ಎಷ್ಟು ದುಡಿಯಿತು ಎಂಬುದನ್ನು ತ್ರೈಮಾಸಿಕದ ಹಾಳೆ ಹೇಳುವುದಿಲ್ಲ. ಬೇರೆ ಕಂಪನಿಗಳು ತಮ್ಮ ವ್ಯವಹಾರವನ್ನು ವಿಭಾಗ ವಿಭಾಗವಾಗಿ ಬಿಡಿಸಿ ತೋರಿಸಬೇಕು. ರಕ್ಷಣಾ ಉತ್ಪಾದನೆಯ ಕಂಪನಿಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ. ಬೆಂಗಳೂರು, ನಾಸಿಕ್, ಕೊರಾಪುಟ್, ಗುಬ್ಬಿ ಎಲ್ಲವೂ ಒಂದೇ ಸಾಲಿನಲ್ಲಿ ಕರಗಿರುತ್ತವೆ. ಎಚ್‌ಎಎಲ್ ಲಾಭ ಏರಿತೆಂದು ಗುಬ್ಬಿ ಬೆಳೆಯಿತು ಎನ್ನುವುದಕ್ಕಾಗಲಿ, ಇಳಿಯಿತೆಂದು ಗುಬ್ಬಿ ಸೊರಗಿತು ಎನ್ನುವುದಕ್ಕಾಗಲಿ ಆ ಹಾಳೆಯಲ್ಲಿ ಆಧಾರವಿಲ್ಲ.

ಗುಬ್ಬಿಗೆ ಸಂಬಂಧಪಟ್ಟ ದೊಡ್ಡ ಸುದ್ದಿ ಆ ಮಾರ್ಚ್‌ನಲ್ಲೇ ಬಂದಿತ್ತು. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯ 156 ಪ್ರಚಂಡ್ ಲಘು ಯುದ್ಧ ಹೆಲಿಕಾಪ್ಟರ್‌ಗಳಿಗೆ ಎಚ್‌ಎಎಲ್ ಜೊತೆ ಒಟ್ಟು 62,700 ಕೋಟಿ ರೂಪಾಯಿಯ ಎರಡು ಒಪ್ಪಂದಗಳಿಗೆ ಸಹಿ ಹಾಕಿತು. 66 ವಾಯುಪಡೆಗೆ, 90 ಭೂಸೇನೆಗೆ. ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ ತಯಾರಿ. ಆ ತುಮಕೂರು ಘಟಕವೇ ಗುಬ್ಬಿಯ ಕಾರ್ಖಾನೆ. ವರ್ಷದ ಒಟ್ಟು ವರಮಾನದ ಎರಡರಷ್ಟು ಮೊತ್ತದ ಈ ಒಪ್ಪಂದಗಳು ನಡೆದದ್ದು ಮಾರ್ಚ್ ತ್ರೈಮಾಸಿಕದೊಳಗೇ. ಆದರೂ ಆ ತ್ರೈಮಾಸಿಕದ ವರಮಾನ ಇಳಿಯಿತಲ್ಲ ಎಂದು ಮಾವನಿಗೆ ಆಶ್ಚರ್ಯ. ಒಪ್ಪಂದ ಸೇರುವುದು ಕೈಯಲ್ಲಿರುವ ಆರ್ಡರ್‌ಗಳ ಪಟ್ಟಿಗೆ. ಅದು ವರಮಾನವಾಗುವುದು ಹೆಲಿಕಾಪ್ಟರ್ ತಯಾರಾಗಿ ಒಪ್ಪಿಗೆಯ ಸಹಿ ಬಿದ್ದಾಗ. ಆರ್ಡರ್ ಬಿತ್ತನೆ, ವರಮಾನ ಒಕ್ಕಣೆ.

ಪೂರೈಕೆ ಮೂರನೆಯ ವರ್ಷದಿಂದ ಶುರುವಾಗಿ ಮುಂದಿನ ಐದು ವರ್ಷಗಳಲ್ಲಿ ಹಂಚಿಹೋಗುತ್ತದೆ ಎಂದು ಸಚಿವಾಲಯ ಆಗಲೇ ಹೇಳಿದೆ. ಹಾಗಾಗಿ ಪ್ರಚಂಡ್‌ನ ವರಮಾನವನ್ನು ಈಗಿನ ಹಾಳೆಗಳಲ್ಲಿ ಹುಡುಕಬೇಡಿ. ಹುಡುಕಬೇಕಾದ್ದು 2027-28ರ ಹೊತ್ತಿನ ಹಾಳೆಗಳಲ್ಲಿ, ಅಲ್ಲಿಯೂ ಮೂರನೆಯ ಕಾಲಂನ ಎದುರಿಗಿಟ್ಟು.